ಬೋರ್‌ವೆಲ್ ಮೊಬೈಲ್ ಸ್ಟಾರ್ಟರ್‌ಗೆ ಬೆಲೆ 3,999 ಇಡೋದಾ, 9,000 ಇಡೋದಾ? ಮೂವರು ಪಾಲುದಾರರು, ಮೂರು ಮಾತು

ಪೀಣ್ಯ_ಬೋರ್ಡು

ನಾವು ಮೂವರು ಸೇರಿ ಕೃಷಿ ಪಂಪ್‌ಸೆಟ್‌ಗೆ ಮೊಬೈಲ್ ಸ್ಟಾರ್ಟರ್ ತಯಾರಿಸುತ್ತಿದ್ದೇವೆ. ಫೋನ್ ಮಾಡಿದರೆ ಮೋಟರ್ ಆನ್ ಆಗುವ ಸಾದಾ ಡಬ್ಬಿ ಈಗಾಗಲೇ ಅಂಗಡಿಗಳಲ್ಲಿದೆ. ನಾವು ವಿಚಾರಿಸಿದ ಕಡೆಯೆಲ್ಲ 4,500 ರೂಪಾಯಿ ಆಸುಪಾಸು. ನಮ್ಮದರಲ್ಲಿ ಹೆಚ್ಚಿಗೆ ಇರುವುದು ಒಂದೇ ಸಂಗತಿ. ಬೋರ್‌ನಲ್ಲಿ ನೀರು ಇಳಿದು ಮೋಟರ್ ಒಣಗಿ ಓಡತೊಡಗಿದರೆ ತಾನೇ ನಿಲ್ಲಿಸುತ್ತೆ, ಮತ್ತೆ ನೀರು ಊರಲು ಎಷ್ಟು ಹೊತ್ತು ಬೇಕು ಅನ್ನೋದನ್ನು ನಾಲ್ಕೈದು ಸಲದಲ್ಲಿ ಕಲಿತುಕೊಂಡು ಅಷ್ಟು ಹೊತ್ತಾದ ಮೇಲೆ ತಾನೇ ಶುರು ಮಾಡುತ್ತೆ.

ಬಿಡಿಭಾಗ, ಜೋಡಣೆ, ಪೆಟ್ಟಿಗೆ, ಪರೀಕ್ಷೆ, ಸಾಗಣೆ ಎಲ್ಲ ಸೇರಿ ಒಂದಕ್ಕೆ 2,950 ಬೀಳುತ್ತೆ. ತಿಂಗಳಿಗೆ 150ಕ್ಕಿಂತ ಹೆಚ್ಚು ಮಾಡಲು ಈಗ ಆಗಲ್ಲ. ಮಾರಾಟ ಡೀಲರ್‌ಗಳ ಮೂಲಕ, ಅವರಿಗೆ ತೆರಿಗೆ ಬಿಟ್ಟ ಬೆಲೆಯ ಮೇಲೆ 20% ಕೊಡಬೇಕು. ಜಿಎಸ್‌ಟಿ 18%.

ಒಬ್ಬ ಪಾಲುದಾರ ಹೇಳೋದು: 3,999ಕ್ಕೆ ಬಿಟ್ಟು ಮಾರುಕಟ್ಟೆ ಹಿಡಿಯೋಣ, ಆಮೇಲೆ ಏರಿಸೋಣ. ಇನ್ನೊಬ್ಬ: 9,000ದಿಂದ ಶುರು ಮಾಡಿ ಕೆನೆ ತೆಗೆದು ಆಮೇಲೆ ಇಳಿಸೋಣ. ನನ್ನ ಲೆಕ್ಕ: ರಿವೈಂಡಿಂಗ್ ಖರ್ಚು, ಕರೆಂಟ್ ಉಳಿತಾಯ, ರಾತ್ರಿ ತೋಟಕ್ಕೆ ನಡೆಯೋದು ತಪ್ಪೋದು ಎಲ್ಲ ಸೇರಿ ರೈತನಿಗೆ ವರ್ಷಕ್ಕೆ 14,000 ಲಾಭ, ಹಾಗಾಗಿ 8,000 ಕೇಳಿದರೂ ತಪ್ಪಿಲ್ಲ. ಯಾವುದು ಸರಿ?

---

ಡೇಟಾಪ್ರಿಯ

ಇದರಲ್ಲಿ ಯೋಚನೆ ಮಾಡೋಕೆ ಏನಿದೆ? 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂತು, ಡಿಸೆಂಬರ್‌ವರೆಗೆ ಪುಕ್ಕಟೆ, ಆಮೇಲೆ ಮಾರ್ಚ್ ಕೊನೆವರೆಗೂ ಪುಕ್ಕಟೆ. ಆರು ತಿಂಗಳೊಳಗೆ 10 ಕೋಟಿ ಜನ. ಎದುರಾಳಿಗಳು ಬೆಲೆ ಇಳಿಸಿ ಸುಸ್ತಾದರು. ಮೊದಲು ಜನರ ಕೈಗೆ ಹೋಗಲಿ ಸಾರ್, ದುಡ್ಡು ಹಿಂದಿನಿಂದ ಬರುತ್ತೆ. ನಿಮ್ಮ ಮೊದಲ ಪಾಲುದಾರರೇ ಸರಿ.

---

ಕಾಸ್ಟಿಂಗ್_ಕಮಲ

ಡೇಟಾಪ್ರಿಯ ಅವರೇ, ಜಿಯೋ ವಿಷಯದಲ್ಲಿ ನಡೆದದ್ದನ್ನು ಸರಿಯಾಗಿ ಹೇಳಿದಿರಿ, ಅದು ಯಾಕೆ ನಡೆಯಿತು ಅನ್ನೋದನ್ನು ಬಿಟ್ಟಿರಿ. ಟವರು, ಫೈಬರು, ತರಂಗಾಂತರ ಎಲ್ಲಕ್ಕೂ ದುಡ್ಡು ಮೊದಲೇ ಸುರಿದಾಗಿತ್ತು. ಅದರ ಮೇಲೆ ಇನ್ನೊಬ್ಬ ಗ್ರಾಹಕ ಬಂದು ಕೂತರೆ ಹೆಚ್ಚುವರಿ ಖರ್ಚು ಇಲ್ಲವೆನ್ನುವಷ್ಟು ಕಡಿಮೆ. ಖಾಲಿ ಓಡುವ ಬಸ್ಸಿಗೆ ಜನ ಹತ್ತಿಸಿಕೊಂಡ ಹಾಗೆ. ಪೀಣ್ಯದವರ ಡಬ್ಬಿ ಹಾಗಲ್ಲ. ಸಾವಿರನೆಯ ಡಬ್ಬಿಗೂ ಜಿಎಸ್‌ಎಂ ಮಾಡ್ಯೂಲ್ ಬೇಕು, ರಿಲೇ ಬೇಕು, ಪೆಟ್ಟಿಗೆ ಬೇಕು.

ಈಗ 3,999 ಅನ್ನೋ ಬೆಲೆಯನ್ನು ಹಿಂದಿನಿಂದ ಬಿಚ್ಚಿ ನೋಡಿ. ಪೆಟ್ಟಿಗೆ ಮೇಲೆ ಅಚ್ಚಾಗುವ ಎಂಆರ್‌ಪಿಯಲ್ಲಿ ತೆರಿಗೆ ಸೇರಿರುತ್ತೆ. ಹಾಗಾಗಿ,

3,999 ÷ 1.18 = 3,389
3,389 × 0.80 = 2,711

ನಿಮ್ಮ ಕೈಗೆ ಬರೋದು 2,711, ಮಾಡೋಕೆ ಬೀಳೋದು 2,950. ಒಂದು ಡಬ್ಬಿಗೆ 239 ರೂಪಾಯಿ ನೀವೇ ಕೈಯಿಂದ ಹಾಕಿ ಕೊಡ್ತೀರಿ. ತಿಂಗಳಿಗೆ 150 ಮಾರಿದರೆ ಸುಮಾರು 36,000 ನಷ್ಟ. ಚೆನ್ನಾಗಿ ಮಾರಿದಷ್ಟೂ ನಷ್ಟ ಹೆಚ್ಚು. ವಾರಂಟಿಯಲ್ಲಿ ವಾಪಸ್ ಬರುವ ಡಬ್ಬಿಗಳ ಖರ್ಚನ್ನು ನೀವು ಬರೆದೇ ಇಲ್ಲ. ಹೊಸ ಎಲೆಕ್ಟ್ರಾನಿಕ್ ಸಾಮಾನು, ತೋಟದ ಕಂಬಕ್ಕೆ ತಗುಲಿಸುವಂಥದ್ದು, ಮಳೆ, ಇರುವೆ, ಸಿಡಿಲು. ಒಂದಕ್ಕೆ 250 ಆದರೂ ಎತ್ತಿಡಿ.

ಒಂದು ಪ್ರಶ್ನೆ: ತಿಂಗಳಿಗೆ ಸಾವಿರ ಮಾಡಿದರೆ 2,950 ಎಷ್ಟಕ್ಕೆ ಇಳಿಯುತ್ತೆ?

---

ಪೀಣ್ಯ_ಬೋರ್ಡು

ಮಾಡ್ಯೂಲ್‌ನಲ್ಲಿ 120, ಬೋರ್ಡ್‌ನಲ್ಲಿ 60. ಒಟ್ಟು 180 ಇಳಿಯಬಹುದು. ಕಾಂಟ್ಯಾಕ್ಟರ್, ಪೆಟ್ಟಿಗೆ, ತಂತಿ ಇವೆಲ್ಲ ಹೆಚ್ಚು ಇಳಿಯಲ್ಲ.

---

ಕಾಸ್ಟಿಂಗ್_ಕಮಲ

ಹಾಗಿದ್ದರೆ 2,770. ಆಗಲೂ 2,711ಕ್ಕಿಂತ ಮೇಲೆಯೇ. ಅಂದರೆ ನೀವು ಅಂದುಕೊಂಡ ಆ "ಆಮೇಲೆ" ಬರೋದೇ ಇಲ್ಲ.

ಅಗ್ಗಕ್ಕೆ ಬಿಟ್ಟು ಮಾರುಕಟ್ಟೆ ಹಿಡಿಯೋ ಈ ಪೆನೆಟ್ರೇಷನ್ ಬೆಲೆ ಯಾವಾಗ ಕೆಲಸ ಮಾಡುತ್ತೆ ಅಂದರೆ, ಸಾಮಾನು ಹೆಚ್ಚು ಮಾಡಿದಂತೆ ಖರ್ಚು ಧಡಾರನೆ ಇಳಿಯಬೇಕು. ಬರೀ ಬೆಲೆಯ ಕಾರಣಕ್ಕೆ ಕೊಳ್ಳದೆ ಕೂತವರು ರಾಶಿ ಇರಬೇಕು, ಅವರು ಬಂದಾಗ ಕೊಡೋಕೆ ಸಾಮಾನೂ ಇರಬೇಕು. ನಿಮ್ಮಲ್ಲಿ ತಿಂಗಳಿಗೆ 150 ಮಾತ್ರ. 3,999 ಅಂತ ಸುದ್ದಿಯಾಗಿ 400 ಜನ ಕೇಳಿದರೆ 250 ಜನಕ್ಕೆ "ಮುಂದಿನ ತಿಂಗಳು ಬನ್ನಿ" ಅಂತೀರಿ, ಅವರು ಪಕ್ಕದ ಡಬ್ಬಿ ತಗೊಂಡು ಹೋಗ್ತಾರೆ. ಕಡಿಮೆ ಬೆಲೆಗೆ ನೀವು ಹುಟ್ಟಿಸಿದ ಬೇಡಿಕೆ, ಲಾಭ ಎದುರಾಳಿಗೆ.

---

ಅರೆಕಾನೂನು

ಖರ್ಚಿಗಿಂತ ಕಡಿಮೆಗೆ ಮಾರಿದರೆ ಕೇಸ್ ಆಗುತ್ತೆ ಅಂತ ಕೇಳಿದ್ದೆ?

---

ಕಾಸ್ಟಿಂಗ್_ಕಮಲ

ಸ್ಪರ್ಧಾ ಕಾಯ್ದೆ 2002ರ ಸೆಕ್ಷನ್ 4 ತಗುಲೋದು ಮಾರುಕಟ್ಟೆಯಲ್ಲಿ ಪ್ರಬಲ ಸ್ಥಾನದಲ್ಲಿರೋರಿಗೆ. ಏರ್‌ಟೆಲ್ ಕೊಟ್ಟ ದೂರನ್ನು ಸ್ಪರ್ಧಾ ಆಯೋಗ 2017ರಲ್ಲಿ ಕೈಬಿಟ್ಟದ್ದೂ ಜಿಯೋ ಆಗ ಪ್ರಬಲ ಸ್ಥಾನದಲ್ಲಿರಲಿಲ್ಲ ಅಂತಲೇ. ತಿಂಗಳಿಗೆ 150 ಡಬ್ಬಿ ಮಾಡೋರಿಗೆ ಆ ಭಯ ಬೇಡ. ಅವರ ಭಯ ಬ್ಯಾಂಕ್ ಬ್ಯಾಲೆನ್ಸ್ ಒಂದೇ.

---

ಸಿರಾ_ಪಂಪ್_ಅಂಗಡಿ

ಪಂಪು, ಸ್ಟಾರ್ಟರ್ ಮಾರೋನು ನಾನು, ಅದಕ್ಕೆ ಎರಡು ಮಾತು.

ಒಂದು, ಮೋಟರ್ ಕಾಯೋ ಸಾಮಾನು ತೀರಾ ಅಗ್ಗ ಇದ್ದರೆ ರೈತ ನಂಬಲ್ಲ. ಮೋಟರ್, ಪೈಪು, ಕೇಬಲ್ಲು ಅಂತ ಲಕ್ಷದ ಮೇಲೆ ಬೋರ್ ಒಳಗೆ ಇಳಿಸಿರ್ತಾನೆ. ಅದನ್ನ ಕಾಯೋ ಡಬ್ಬಿ ಬೇರೆಯವಕ್ಕಿಂತ 500 ಕಮ್ಮಿ ಅಂದ್ರೆ "ಇದರೊಳಗೆ ಏನೂ ಇಲ್ಲ ಬಿಡಣ್ಣ" ಅಂತಾನೆ. ಬಟ್ಟೆ ಸೋಪಿಗೆ ಅಗ್ಗ ನಡೀತದೆ, ಮನಸ್ಸಿಗೆ ಬರದಿದ್ರೆ ಮುಂದಿನ ವಾರ ಬೇರೆ ತರ್ತಾನೆ. ಇದು ಹಂಗಲ್ಲ.

ಎರಡು, ಮೊದಲು 9,000 ಇಟ್ಟು ಆಮೇಲೆ 6,500 ಮಾಡ್ತೀನಿ ಅನ್ನೋರಿಗೆ: ನನ್ನ ಶೆಲ್ಫಲ್ಲಿ 12 ಪೀಸ್ ಹಳೇ ರೇಟಿಂದು ಇದ್ರೆ ಅದರ ಗತಿ ಏನು? ಫರಕಿನ ಕ್ರೆಡಿಟ್ ನೋಟ್ ಕೊಡಲ್ಲ ಅಂದ್ರೆ ನಾನು ಸ್ಟಾಕೇ ಎತ್ತಲ್ಲ. ಒಂದೊಂದೇ ಪೀಸ್ ತರಿಸ್ತೀನಿ. ಅಂಗಡಿಯಲ್ಲಿ ಕಣ್ಣಿಗೆ ಕಾಣದ ಸಾಮಾನು ಮಾರಾಟ ಆಗಲ್ಲ.

---

ಕೆನೆಮೊಸರು

9,000 ಅಂದವರ ಪರವಾಗಿ ಯಾರೂ ಮಾತಾಡ್ತಿಲ್ಲ, ನಾನು ಮಾತಾಡ್ತೀನಿ. ಕಮಲಾ ಮೇಡಂ ಲೆಕ್ಕವನ್ನೇ ತಗೊಳ್ಳಿ. 9,000 ÷ 1.18 = 7,627, ಅದರ 80% ಅಂದರೆ 6,102. ಖರ್ಚು ಮತ್ತು ವಾರಂಟಿ ಸೇರಿ 3,200 ಕಳೆದರೆ ಒಂದಕ್ಕೆ 2,900 ಉಳಿಯುತ್ತೆ. ತಿಂಗಳಿಗೆ 30 ಮಾರಿದರೂ 87,000. ಮಾಡೋ ಶಕ್ತಿ ಕಡಿಮೆ ಇರೋವಾಗ ಹೆಚ್ಚು ಕೊಡೋರಿಗೆ ಮೊದಲು ಮಾರೋದೇ ಬುದ್ಧಿವಂತಿಕೆ. ಆ್ಯಪಲ್ ಏನು ಮಾಡ್ತು? 2007ರ ಜೂನ್‌ನಲ್ಲಿ ಮೊದಲ ಐಫೋನ್ 599 ಡಾಲರ್, ಸೆಪ್ಟೆಂಬರ್‌ನಲ್ಲಿ 399. ಆತುರದವರಿಂದ ಮೊದಲು, ತಾಳ್ಮೆಯವರಿಂದ ಆಮೇಲೆ.

---

ಕಾಸ್ಟಿಂಗ್_ಕಮಲ

ಶಕ್ತಿ ಕಡಿಮೆ ಇರೋವಾಗ ಬೆಲೆ ಮೇಲಿರಲಿ ಅನ್ನೋ ಮಾತು ಒಪ್ಪಿದೆ. ಐಫೋನ್ ಕಥೆಯ ಉಳಿದ ಅರ್ಧ ಹೇಳ್ತೀನಿ. ಬೆಲೆ ಇಳಿಸಿದ ಕೂಡಲೇ ಮೊದಲು ಕೊಂಡವರು ರೊಚ್ಚಿಗೆದ್ದರು, ಆ್ಯಪಲ್ ಅವರಿಗೆ 100 ಡಾಲರ್ ಅಂಗಡಿ ಕ್ರೆಡಿಟ್ ಕೊಡಬೇಕಾಯ್ತು. ಅಂಥ ಹೆಸರು ಇರೋರಿಗೇ ಎರಡು ತಿಂಗಳಲ್ಲಿ ಹಾಗಾಯ್ತು.

ಹೀಗೆ ಕೆನೆ ತೆಗೆಯೋ ಸ್ಕಿಮ್ಮಿಂಗ್‌ಗೆ ಮುಖ್ಯವಾಗಿ ಬೇಕಾದ್ದು ಆತುರದವರು ಮತ್ತು ತಾಳ್ಮೆಯವರು ಬೇರೆ ಬೇರೆ ಇರೋದು. ಸಿರಾ ತಾಲ್ಲೂಕಿನಲ್ಲಿ ಆ ಇಬ್ಬರೂ ಒಂದೇ ಹೋಟೆಲ್ ಕಟ್ಟೆ ಮೇಲೆ ಕೂತು ಟೀ ಕುಡೀತಾರೆ. 9,000 ಕೊಟ್ಟವನೇ ಊರಲ್ಲಿ ನಿಮ್ಮ ಸಾಮಾನನ್ನು ಹೊಗಳಬೇಕಾದವನು. ಆರು ತಿಂಗಳಲ್ಲಿ ಪಕ್ಕದ ತೋಟದವನು 6,500ಕ್ಕೆ ತಂದರೆ ಅವನ ಬಾಯಿಂದ ಏನು ಬರುತ್ತೆ ನೀವೇ ಯೋಚಿಸಿ.

ಜೊತೆಗೆ, ಕೆನೆ ತೆಗೆಯೋ ಹೊತ್ತಿಗೆ ನಕಲು ಬರಬಾರದು. ಪೇಟೆಂಟ್ ಇರೋ ಔಷಧಿಗೆ ವರ್ಷಗಳ ರಕ್ಷಣೆ ಇರುತ್ತೆ. ನಿಮ್ಮ ಬೋರ್ಡ್‌ಗೆ ಎಷ್ಟು ತಿಂಗಳು?

---

ಪೀಣ್ಯ_ಬೋರ್ಡು

ಹಾರ್ಡ್‌ವೇರ್ ನಕಲು ಮಾಡೋಕೆ ಎಸ್.ಪಿ. ರಸ್ತೆಯಲ್ಲಿ ಮೂರು ತಿಂಗಳು ಸಾಕು. ನೀರು ಊರುವ ಹೊತ್ತು ಕಲಿಯುವ ಪ್ರೋಗ್ರಾಂ ಕಷ್ಟ, ಒಂದು ವರ್ಷ ಹಿಡಿಯಬಹುದು.

---

ಕಲ್ಪತರು_ತೋಟ

ನಮಸ್ಕಾರ. ತುಮಕೂರು ಜಿಲ್ಲೆ, ತೆಂಗು. ನಮ್ಮದು 7.5 ಎಚ್‌ಪಿ ಮೋಟ್ರು, ಇದು ಆಗುತ್ತಾ? ಸಬ್ಸಿಡಿ ಏನಾದ್ರೂ ಇದೆಯಾ? ಎಲ್ಲಿ ಸಿಗುತ್ತೆ?

ಮತ್ತೆ ಮೇಲೆ ಕರೆಂಟ್ ಉಳಿತಾಯ ಅಂತ ಬರ್ದಿದ್ದೀರಲ್ಲ, 10 ಎಚ್‌ಪಿವರೆಗೆ ನಮಗೆ ಕರೆಂಟ್ ಬಿಲ್ಲೇ ಇಲ್ವಲ್ಲ ಸ್ವಾಮಿ, ಉಳಿಸಿ ಏನ್ ಮಾಡೋಣ?

---

ಕಾಸ್ಟಿಂಗ್_ಕಮಲ

ಬೆಲೆ ಕೇಳಲು ಬಂದವರು ಎಲ್ಲರಿಗಿಂತ ಮುಖ್ಯವಾದ ಮಾತು ಹೇಳಿದರು. ಪೀಣ್ಯದವರೇ, ನಿಮ್ಮ 14,000ದ ಮೊದಲ ತೂತು ಇದೇ. ಕರ್ನಾಟಕದಲ್ಲಿ 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ವಿದ್ಯುತ್ ಉಚಿತ. ಡಬ್ಬಿ ಕರೆಂಟ್ ಉಳಿಸೋದು ನಿಜ. ಆ ಉಳಿತಾಯ ಸೇರೋದು ವಿದ್ಯುತ್ ಕಂಪನಿಗೆ ಮತ್ತು ಸಹಾಯಧನ ಕಟ್ಟುವ ಸರ್ಕಾರಕ್ಕೆ. ಡಬ್ಬಿಗೆ ದುಡ್ಡು ಕೊಡೋ ರೈತನ ಜೇಬಿಗೆ ಸೊನ್ನೆ. ಮೌಲ್ಯ ನೋಡಿ ಬೆಲೆ ಕಟ್ಟೋದು ಅಂದರೆ ಸಾಮಾನಿಂದ ಜಗತ್ತಿಗೆ ಆಗೋ ಲಾಭದ ಲೆಕ್ಕ ಅಲ್ಲ, ದುಡ್ಡು ಕೊಡೋನಿಗೆ ಆಗೋ ಲಾಭದ ಲೆಕ್ಕ.

ಎರಡನೇ ತೂತು ರಾತ್ರಿ ನಡಿಗೆ. ತ್ರೀ ಫೇಸ್ ಯಾವ ಹೊತ್ತಲ್ಲಿ ಬಂದರೂ ಮನೆಯಿಂದಲೇ ಆನ್ ಮಾಡೋ ಅನುಕೂಲ 4,500ರ ಸಾದಾ ಡಬ್ಬಿಯಲ್ಲೇ ಇದೆ. ಅದಕ್ಕೆ ನೀವು ಮತ್ತೆ ದುಡ್ಡು ಕೇಳೋ ಹಾಗಿಲ್ಲ. ರೈತನಿಗೆ ಈಗ ಸಿಗೋ ಎರಡನೇ ಒಳ್ಳೆ ದಾರಿ ಯಾವುದು, ಅದರ ಬೆಲೆ ಎಷ್ಟು, ಅಲ್ಲಿಂದ ಶುರು ಮಾಡಿ. ಅದಕ್ಕಿಂತ ನಿಮ್ಮದು ಹೆಚ್ಚಿಗೆ ಏನು ಉಳಿಸುತ್ತೋ ಅಷ್ಟನ್ನೇ ಕೂಡಿಸಿ, ನಿಮ್ಮಿಂದ ಬರೋ ತಲೆನೋವನ್ನು ಕಳೆಯಿರಿ.

ಸಿರಾ ಅಂಗಡಿಯವರೇ, 5 ಎಚ್‌ಪಿ ಸಬ್‌ಮರ್ಸಿಬಲ್ ಸುಟ್ಟರೆ ನಿಮ್ಮ ಕಡೆ ಖರ್ಚೆಷ್ಟು? ಎಷ್ಟು ವರ್ಷಕ್ಕೊಮ್ಮೆ?

---

ಸಿರಾ_ಪಂಪ್_ಅಂಗಡಿ

ರಿವೈಂಡಿಂಗ್ 6,500 ಹಿಡೀರಿ. ಎತ್ತೋದು ಇಳಿಸೋದು ಗಾಡಿಗೆ 4,500, ಆಳ ಜಾಸ್ತಿ ಇದ್ರೆ ಇನ್ನೂ ಮೇಲೆ. ನಮ್ಮ ಕಡೆ ಸರಾಸರಿ ಮೂರು ವರ್ಷಕ್ಕೊಂದು ಸಲ ಮೋಟರ್ ಮೇಲೆ ಬರ್ತದೆ. ಅದರಲ್ಲಿ ಅರ್ಧ ನೀರಿಲ್ಲದೆ ಓಡಿದ್ದು. ಉಳಿದದ್ದು ವೋಲ್ಟೇಜು, ಸಿಂಗಲ್ ಫೇಸು, ಕೇಬಲ್ ಜಾಯಿಂಟು. ಇದು ನನ್ನ ಅಂಗಡಿ ಅಂದಾಜು ಅಷ್ಟೇ, ಭದ್ರಾ ನಾಲೆ ಕಡೆ ಹೋದ್ರೆ ಲೆಕ್ಕ ಬೇರೆ.

---

ಕಾಸ್ಟಿಂಗ್_ಕಮಲ

ಇಷ್ಟು ಸಾಕು. ಡಬ್ಬಿಯ ಆಯುಸ್ಸು ಮೂರು ವರ್ಷ ಅಂತ ಮಾತ್ರ ಲೆಕ್ಕಕ್ಕೆ ಹಿಡಿಯೋಣ.

ಒಂದು ಸಲ ಸುಟ್ಟರೆ 11,000. ಮೂರು ವರ್ಷಕ್ಕೊಂದು ಸಲ, ಅದರಲ್ಲಿ ಅರ್ಧ ನೀರಿಲ್ಲದ್ದಕ್ಕೆ. ಹಾಗಾಗಿ ಮೂರು ವರ್ಷದಲ್ಲಿ ನೀವು ತಡೆಯಬಹುದಾದ ನಷ್ಟ ಸರಾಸರಿ 5,500. ಸಿಂಗಲ್ ಫೇಸ್‌ನಿಂದ ಸುಡೋದನ್ನು ಸಾದಾ ಸ್ಟಾರ್ಟರ್‌ನ ಪ್ರಿವೆಂಟರೇ ತಡೆಯುತ್ತೆ, ಅದು ನಿಮ್ಮ ಲೆಕ್ಕಕ್ಕೆ ಬರಲ್ಲ. ಡಬ್ಬಿ ಹತ್ತರಲ್ಲಿ ಏಳು ಸಲ ಕಾಯುತ್ತೆ ಅಂದುಕೊಂಡರೆ 3,850. ಹೊಸ ಹೆಸರು, ಕೆಟ್ಟರೆ ಯಾರು ಬರ್ತಾರೋ ಅನ್ನೋ ಅಳುಕು, ಇದಕ್ಕೆ 1,000 ಕಳೆಯೋಣ.

4,500 + 3,850 − 1,000 = 7,350

ಇದು ರೈತನಿಗೆ ಲಾಭವೂ ಇಲ್ಲ ನಷ್ಟವೂ ಇಲ್ಲ ಅನ್ನೋ ಬೆಲೆ. ಈ ಬೆಲೆಗೆ ಯಾರೂ ಹೊಸ ಸಾಮಾನು ಕೊಳ್ಳಲ್ಲ, ಬದಲಾಯಿಸೋಕೆ ಕಾರಣ ಬೇಕಲ್ಲ. 4,500ಕ್ಕೂ 7,350ಕ್ಕೂ ನಡುವಿನ 2,850ರಲ್ಲಿ ಅರ್ಧ ಅವರಿಗೆ ಬಿಡಿ. 5,925 ಬರುತ್ತೆ. ಎಂಆರ್‌ಪಿ 5,990 ಅಂತಿಟ್ಟರೆ ತೆರಿಗೆ ಬಿಟ್ಟು 5,076, ಡೀಲರ್ ಬಿಟ್ಟು 4,061, ಖರ್ಚು ವಾರಂಟಿ ಬಿಟ್ಟು ನಿಮಗೆ 861.

ನೂರು ರೂಪಾಯಿ ಆಚೀಚೆಗೆ ಜಗಳ ಬೇಡ, ಇದರಲ್ಲಿ ಅರ್ಧ ಅಂದಾಜು. ಆದರೆ ಯಾವ ಅಂದಾಜು ಬದಲಾದರೆ ಬೆಲೆ ಎಷ್ಟು ಅಲುಗಾಡುತ್ತೆ ಅನ್ನೋದು ಕಣ್ಣಿಗೆ ಕಾಣುತ್ತೆ. ಖರ್ಚಿನ ಮೇಲೆ ಇಷ್ಟು ಪರ್ಸೆಂಟ್ ಅಂತ ಹಾಕಿದರೆ ಅದು ಕಾಣಲ್ಲ.

---

ಕೆನೆಮೊಸರು

ಲೆಕ್ಕ ಚೆಂದ ಇದೆ. ಆದರೆ 861ರಂತೆ ನನ್ನ 30 ಡಬ್ಬಿಗಳ ದುಡ್ಡು ಬರೋಕೆ 100 ಮಾರಬೇಕಲ್ಲ?

---

ಕಾಸ್ಟಿಂಗ್_ಕಮಲ

ಹೌದು, 101. ಆ 30 ಜನ ಯಾರು ಅನ್ನೋದೇ ಪ್ರಶ್ನೆ. 7,350ರ ಸಾಮಾನಿಗೆ 9,000 ಕೊಡೋ ರೈತ ಸಿಗಲ್ಲ. ಆದರೆ ಕರೆಂಟ್ ಬಿಲ್ ಕಟ್ಟೋರಿದ್ದಾರೆ: ಬೆಂಗಳೂರಿನ ಅಪಾರ್ಟ್‌ಮೆಂಟ್, ನರ್ಸರಿ, ರೆಸಾರ್ಟ್, ಕಾರ್ಖಾನೆ. ಅವರಿಗೆ ಒಣಗಿ ಓಡೋ ಮೋಟರ್ ಅಂದರೆ ಬಿಲ್ಲೂ ಹೌದು, ಟ್ಯಾಂಕರೂ ಹೌದು. ಅದೇ ಬೋರ್ಡ್, ಅದಕ್ಕೆ ನೀರಿನ ದಿನದ ವರದಿ, ಎರಡು ಮೂರು ಬೋರ್ ಒಟ್ಟಿಗೆ ನೋಡೋ ಸೌಲಭ್ಯ ಸೇರಿಸಿ ಬೇರೆ ಹೆಸರಲ್ಲಿ 9,000ಕ್ಕೆ ಕೊಡಿ. ಅದು ಇಂದು ಹೆಚ್ಚು ನಾಳೆ ಕಡಿಮೆ ಅಂತ ಅಲ್ಲ, ಬೇರೆಯವರಿಗೆ ಬೇರೆ ಬೆಲೆ. ಅಪಾರ್ಟ್‌ಮೆಂಟ್ ಕಮಿಟಿಯ ಕಾರ್ಯದರ್ಶಿಯೂ ಸಿರಾದ ರೈತನೂ ಒಂದೇ ಅಂಗಡಿಗೆ ಬರಲ್ಲ.

---

ಕೆನೆಮೊಸರು

ಹಾಗಾದರೆ ಕೊನೆಗೆ ನನ್ನ 9,000 ಉಳೀತಲ್ಲ. 🙂

---

ರಿಲೇ_ರಂಗ

ಹತ್ತರಲ್ಲಿ ಏಳು ಅನ್ನೋದರ ಮೇಲೆ ಇಡೀ ಬೆಲೆ ನಿಂತಿದೆ, ಅಲ್ಲಿ ನನ್ನ ತಕರಾರು. ಪೀಣ್ಯದವರೇ, ನೀರು ಇಲ್ಲ ಅಂತ ಹೇಗೆ ಗುರುತಿಸ್ತೀರಿ? ಬರೀ ಕರೆಂಟ್ ಅಳೆಯೋ ಸಿ.ಟಿ. ಹಾಕಿ ಆಂಪ್ಸ್ ನೋಡಿದರೆ ಎಡವುತ್ತೀರಿ. 5 ಎಚ್‌ಪಿ ಮೋಟರ್ ನೀರಿದ್ದಾಗ ಸುಮಾರು 9 ಆಂಪ್ಸ್ ಎಳೆಯುತ್ತೆ, ಒಣಗಿದಾಗ 6ರ ಹತ್ತಿರ. ಇಂಡಕ್ಷನ್ ಮೋಟರ್ ಖಾಲಿ ಓಡಿದರೂ ಸಾಕಷ್ಟು ಕರೆಂಟ್ ಎಳೆಯೋದರಿಂದ ನಡುವಿನ ಅಂತರ ಕಡಿಮೆ. ಮೇಲಿಂದ ಹಳ್ಳಿಯ ವೋಲ್ಟೇಜ್ ಒಂದೇ ಸಮ ಇರಲ್ಲ. ವೋಲ್ಟೇಜ್ ಬಿದ್ದಾಗ ನೀರೆತ್ತೋ ಮೋಟರ್‌ನ ಆಂಪ್ಸ್ ಏರುತ್ತೆ. ಸಂಜೆ ವೋಲ್ಟೇಜ್ ಕಡಿಮೆ ಇದ್ದಾಗ ಅಳವಡಿಸಿ ಅದನ್ನೇ ಮಾಮೂಲಿ ಆಂಪ್ಸ್ ಅಂತ ಉಳಿಸಿಕೊಂಡಿರಿ ಅನ್ನಿ. ನಡುರಾತ್ರಿ ವೋಲ್ಟೇಜ್ ಪೂರ್ತಿ ಬಂದು ಆಂಪ್ಸ್ ತಾನೇ ಇಳಿಯುತ್ತೆ. ಡಬ್ಬಿ ಅದನ್ನು ನೀರಿಲ್ಲ ಅಂದುಕೊಂಡು ಮೋಟರ್ ನಿಲ್ಲಿಸುತ್ತೆ. ಬೋರ್‌ನಲ್ಲಿ ನೀರಿದೆ, ಬೆಳಿಗ್ಗೆ ತೊಟ್ಟಿ ಖಾಲಿ.

ಆಂಪ್ಸ್ ಜೊತೆ ವೋಲ್ಟೇಜೂ ಅಳೆದು, ಎಳೆದ ಕರೆಂಟ್‌ನಲ್ಲಿ ಎಷ್ಟು ಭಾಗ ನಿಜವಾದ ಕೆಲಸಕ್ಕೆ ಹೋಗುತ್ತೆ ಅಂತ ಹೇಳೋ ಪವರ್ ಫ್ಯಾಕ್ಟರ್ ನೋಡಿ. ಲೋಡ್ ಹೋದ ಕೂಡಲೇ ಪವರ್ ಫ್ಯಾಕ್ಟರ್ ಆಂಪ್ಸ್‌ಗಿಂತ ಎಷ್ಟೋ ಸ್ಪಷ್ಟವಾಗಿ ಕುಸಿಯುತ್ತೆ. ಆ ಸರ್ಕ್ಯೂಟ್‌ಗೆ ಖರ್ಚು ಸ್ವಲ್ಪ ಏರುತ್ತೆ, ಪರವಾಗಿಲ್ಲ.

---

ಸಿರಾ_ಪಂಪ್_ಅಂಗಡಿ

ಇದು ಖರೆ ಮಾತು. ಸುಮ್ಮಸುಮ್ಮನೆ ಎರಡು ಸಲ ಟ್ರಿಪ್ ಆದ್ರೆ ಲೋಕಲ್ ಎಲೆಕ್ಟ್ರಿಶಿಯನ್ ಬಂದು ಡಬ್ಬಿ ಪಕ್ಕಕ್ಕೆ ಒಂದು ತುಂಡು ವೈರ್ ಹಾಕಿ ನೇರ ಕೊಟ್ಟು ಹೋಗ್ತಾನೆ. ಡಬ್ಬಿ ಗೋಡೆ ಮೇಲೆ ಇರ್ತದೆ, ದೀಪ ಉರೀತದೆ, ಮೋಟರ್‌ಗೂ ಅದಕ್ಕೂ ಸಂಬಂಧ ಇರಲ್ಲ. ವಾರಂಟಿಗೆ ವಾಪಸ್ ಬಂದ ಪೀಸ್‌ನ ಟರ್ಮಿನಲ್ ನೋಡಿ. ಸ್ಕ್ರೂ ಕೆಳಗೆ ಎರಡನೇ ತಂತಿ ಕಚ್ಚಿದ ಗುರುತು ಇದ್ರೆ ಬೈಪಾಸ್ ಆಗಿತ್ತು ಅಂತ್ಲೇ ಅರ್ಥ.

---

ಕಾಸ್ಟಿಂಗ್_ಕಮಲ

ಬೈಪಾಸ್ ಆದ ಡಬ್ಬಿಯ ಮೌಲ್ಯ ಸಾದಾ ಸ್ಟಾರ್ಟರ್‌ಗಿಂತಲೂ ಕಡಿಮೆ. ಹತ್ತರಲ್ಲಿ ಏಳರ ಬದಲು ನಾಲ್ಕೇ ಆದರೆ 3,850 ಹೋಗಿ 2,200 ಆಗುತ್ತೆ, 7,350 ಇಳಿದು 5,700. ಆಗ ಅರ್ಧ ಹಂಚಿಕೊಂಡ ಬೆಲೆ 5,100. ರಂಗ ಅವರು ಹೇಳಿದ ಸರ್ಕ್ಯೂಟ್‌ಗೆ 100, 150 ಹೆಚ್ಚಾದರೂ ಹಾಕಿ, ಅದು ಬೆಲೆಯಲ್ಲಿ 800ರಷ್ಟು ಉಳಿಸಿಕೊಡುತ್ತೆ.

---

ಕಲ್ಪತರು_ತೋಟ

ನನ್ನ ಪ್ರಶ್ನೆಗೆ ಉತ್ತರ ಬರಲಿಲ್ಲ. ಇರಲಿ. ನೀವೆಲ್ಲ ರಿವೈಂಡಿಂಗ್ 6,500 ಅಂತ ಲೆಕ್ಕ ಹಾಕ್ತಿದ್ದೀರಿ, ನಮಗೆ ನೋವು ಅದಲ್ಲ. ಏಪ್ರಿಲ್ ತಿಂಗಳಲ್ಲಿ ಮೋಟ್ರು ಸುಟ್ರೆ ಎತ್ತೋ ಗಾಡಿಗೇ ನಾಲ್ಕು ದಿನ ಪಾಳಿ. ರಿವೈಂಡಿಂಗ್‌ನವರು ಮೂರು ದಿನ. ಒಂದು ವಾರ ನೀರಿಲ್ಲ. ಟ್ಯಾಂಕರ್ 900 ರೂಪಾಯಿ, ದಿನಕ್ಕೊಂದು ಹಾಕಿಸಿದ್ರೂ ಸಣ್ಣ ಸಸಿಗಳಿಗೆ ಮಾತ್ರ ಆಗುತ್ತೆ.

---

ಕಾಸ್ಟಿಂಗ್_ಕಮಲ

ಕ್ಷಮಿಸಿ, ಎಚ್‌ಪಿ ಪ್ರಶ್ನೆಗೆ ಪೀಣ್ಯದವರೇ ಹೇಳಬೇಕು.

ನೀವು ಹೇಳಿದ್ದನ್ನು ಲೆಕ್ಕಕ್ಕೆ ಇಟ್ಟರೆ ಒಂದು ಸಲ ಸುಟ್ಟಾಗ ಟ್ಯಾಂಕರ್‌ಗೆ 6,300. ಮೂರು ವರ್ಷದಲ್ಲಿ ಅರ್ಧ ಸಲ, ಅದರಲ್ಲಿ ಹತ್ತಕ್ಕೆ ಏಳು, ಅಂದರೆ 2,200 ಇನ್ನೂ ಸೇರುತ್ತೆ. ತೆಂಗು, ಅಡಿಕೆ ತೋಟದವರಿಗೆ ಡಬ್ಬಿ 9,500ರ ಹತ್ತಿರ ಬಾಳುತ್ತೆ. ಆದರೆ ರಾಗಿ, ಜೋಳಕ್ಕೆ ನೀರು ಬಿಡೋರು ಟ್ಯಾಂಕರ್ ತರಿಸಲ್ಲ. ಮಳೆಗಾಲದಲ್ಲಿ ಸುಟ್ಟರೆ ತೋಟದವರೂ ತರಿಸಲ್ಲ. ಅದಕ್ಕೇ ಇದನ್ನು ಎಲ್ಲರ ಬೆಲೆಗೆ ಸೇರಿಸಬೇಡಿ. ಡೀಲರ್ ಬಾಯಲ್ಲಿ ಇಡಿ. "ಕರೆಂಟ್ ಉಳಿಸುತ್ತೆ" ಅಂತ ಕರಪತ್ರ ಹಾಕೋ ಬದಲು "ಏಪ್ರಿಲ್‌ನಲ್ಲಿ ಗಾಡಿಗೆ ಪಾಳಿ ಹಚ್ಚೋದು ತಪ್ಪುತ್ತೆ" ಅಂತ ಹಾಕಿದರೆ 5,990 ಭಾರ ಅನಿಸಲ್ಲ.

ಹಾಗೇ ವರ್ಷವಿಡೀ ನೀರು ಕಡಿಮೆಯಾಗದ ಬೋರ್ ಇರೋರಿಗೆ ಇದನ್ನು ಮಾರಲೇಬೇಡಿ. ಅವರಿಗೆ ಸಾದಾ ಡಬ್ಬಿ ಸಾಕು. ಮಾರಿದರೆ "ಏನೂ ಉಪಯೋಗ ಕಾಣ್ಲಿಲ್ಲ" ಅಂತ ಊರೆಲ್ಲ ಹೇಳ್ತಾರೆ, ಅದು ಸುಳ್ಳೂ ಅಲ್ಲ.

---

ಡೇಟಾಪ್ರಿಯ

ಸರಿ, 3,999 ಹೋಯ್ತು. ಆದರೂ ಕೇಳ್ತೀನಿ. ಡಬ್ಬಿಯನ್ನು 4,990ಕ್ಕೆ ಕೊಟ್ಟು ಆ ಕಲಿಯೋ ಪ್ರೋಗ್ರಾಂಗೆ ವರ್ಷಕ್ಕೆ 600 ಚಂದಾ ಇಟ್ಟರೆ? ಪ್ರೋಗ್ರಾಂಗೆ ಹೆಚ್ಚುವರಿ ಖರ್ಚು ಇಲ್ಲ, ಅಲ್ಲಿ ಜಿಯೋ ಲೆಕ್ಕ ನಡೆಯುತ್ತಲ್ಲ?

---

ಕಾಸ್ಟಿಂಗ್_ಕಮಲ

ಇದು ಒಳ್ಳೆ ಪ್ರಶ್ನೆ. ಪ್ರೋಗ್ರಾಂನ ಮಟ್ಟಿಗೆ ನೀವು ಹೇಳೋದು ನಿಜ, ಇನ್ನೊಬ್ಬನಿಗೆ ಕೊಟ್ಟರೆ ಖರ್ಚಿಲ್ಲ. ನನ್ನ ಅಳುಕು ವಸೂಲಿ ಮೇಲೆ. 4,990ಕ್ಕೆ ನಿಮಗೆ ಉಳಿಯೋದು 183 ರೂಪಾಯಿ. ಮೊದಲ ವರ್ಷದ ಚಂದಾ ಬರದಿದ್ದರೆ ಕೈ ಖಾಲಿ.

---

ಸಿರಾ_ಪಂಪ್_ಅಂಗಡಿ

ಸಿಮ್ ರೀಚಾರ್ಜ್ ಮಾಡ್ಸೋದೇ ಮರೀತಾರೆ ಸಾರ್, ಚಂದಾ ಯಾರು ಕಟ್ತಾರೆ? ಕಟ್ಟಲಿಲ್ಲ ಅಂತ ಡಬ್ಬಿ ನಿಂತ್ರೆ ಬೈಸಿಕೊಳ್ಳೋನು ನಾನು. ಆ 600ರಲ್ಲಿ ನನಗೇನು ಬರ್ತದೆ?

---

ಡೇಟಾಪ್ರಿಯ

ಮೂರು ವರ್ಷದ್ದು ಒಟ್ಟಿಗೆ ಮೊದಲೇ ತಗೊಂಡರೆ?

---

ರಿಲೇ_ರಂಗ

ಆಗ ಅದು ಒಂದೇ ಸಲ 6,790 ಕೇಳಿದ ಹಾಗೇ ಆಗುತ್ತಲ್ಲ, ಬರೀ ಹೆಸರು ಬೇರೆ.

---

ಪೀಣ್ಯ_ಬೋರ್ಡು

ನನ್ನ ಲೆಕ್ಕದಲ್ಲೂ ತಪ್ಪಿತ್ತು ಅಂತ ಒಪ್ಪಿದೆ. ಪಾಲುದಾರರ ಜೊತೆ ಕೂತೆ. ಅವರ ಮಾತು: 5,990 ಬದಲು 5,490 ಇಟ್ಟು ಮೊದಲ ವರ್ಷ ವೇಗ ಹಿಡಿಯೋಣ, ಆಮೇಲೆ 500 ಏರಿಸೋಣ. ಇದು ನಡುದಾರಿ ಅಲ್ಲವಾ?

---

ಕಾಸ್ಟಿಂಗ್_ಕಮಲ

5,490ಕ್ಕೆ ನಿಮಗೆ ಉಳಿಯೋದು 522. 5,990ಕ್ಕೆ 861. ಎಂಆರ್‌ಪಿಯಲ್ಲಿ 8% ಇಳಿಕೆ, ನಿಮ್ಮ ಉಳಿಕೆಯಲ್ಲಿ ಸುಮಾರು 40% ಇಳಿಕೆ. 5,990ಕ್ಕೆ ತಿಂಗಳಿಗೆ 100 ಹೋಗುತ್ತೆ ಅಂದುಕೊಂಡರೆ ಅದೇ ದುಡ್ಡಿಗೆ 5,490ರಲ್ಲಿ 165 ಮಾರಬೇಕು. ನಿಮ್ಮ ಲೈನ್ ಮಾಡೋದು 150. ಹಾಗಾಗಿ 500 ಇಳಿಸಿದ್ದು ಫಲ ಕೊಟ್ಟರೂ ನಿಮಗೆ ದಕ್ಕಲ್ಲ.

ಏರಿಸೋ ಮಾತು ಇನ್ನೂ ಕಷ್ಟ. ಮೊದಲು ಕೇಳಿದ ಬೆಲೆಯೇ ಜನರ ಮನಸ್ಸಿನಲ್ಲಿ ನಿಜವಾದ ಬೆಲೆ. ಜಿಯೋ ಪುಕ್ಕಟೆ ಕೊಟ್ಟಾಗಲೂ ಕೊನೆಯ ದಿನ ಯಾವುದು ಅಂತ ಸಾರಿತ್ತು. ಹೊಸಬರಿಗೆ ಆಸೆ ಹುಟ್ಟಿಸಬೇಕಾದರೆ ಪೆಟ್ಟಿಗೆ ಮೇಲೆ 5,990 ಹಾಗೇ ಇರಲಿ. ಮೊದಲ 200 ಡಬ್ಬಿಗೆ ಅಳವಡಿಕೆ ಉಚಿತ ಅನ್ನಿ, ಅಥವಾ ಹಳೆ ಸ್ಟಾರ್ಟರ್ ತಂದುಕೊಟ್ಟರೆ 400 ವಾಪಸ್ ಅನ್ನಿ. 200 ಮುಗಿದ ದಿನ ಅದು ನಿಂತರೆ ಬೆಲೆ ಏರಿಸಿದರು ಅಂತ ಯಾರೂ ಅನ್ನಲ್ಲ. ಅಳವಡಿಕೆಯನ್ನು ನಿಮ್ಮ ಹುಡುಗರೇ ಮಾಡೋದರಿಂದ ರಂಗ ಅವರು ಹೇಳಿದ ತಪ್ಪು ಟ್ರಿಪ್ಪೂ ಕಡಿಮೆಯಾಗುತ್ತೆ.

ಇನ್ನೂ ಅನುಮಾನ ಇದ್ದರೆ ಪಕ್ಕಪಕ್ಕ ಅಲ್ಲದ ಎರಡು ತಾಲ್ಲೂಕು ತಗೊಂಡು, ಒಂದರಲ್ಲಿ 5,490, ಇನ್ನೊಂದರಲ್ಲಿ 5,990, ಎರಡು ತಿಂಗಳು ನೋಡಿ. ಎಷ್ಟು ಮಾರಾಟವಾಯ್ತು ಅನ್ನೋದಕ್ಕಿಂತ ಬೆಲೆ ಕೇಳಿದವರಲ್ಲಿ ಎಷ್ಟು ಜನ ಕೊಂಡರು ಅಂತ ಬರೆದಿಡಿಸಿ. "ಎಷ್ಟು ಕೊಡ್ತೀರಿ?" ಅಂತ ಮಾತ್ರ ರೈತರನ್ನು ಕೇಳಬೇಡಿ. ಚೌಕಾಸಿ ಗೊತ್ತಿರೋ ಯಾರೂ ಅದಕ್ಕೆ ನಿಜ ಹೇಳಲ್ಲ.

---

ಸಿರಾ_ಪಂಪ್_ಅಂಗಡಿ

ಮೇಡಂ, ಎರಡು ತಾಲ್ಲೂಕಲ್ಲಿ ಎರಡು ಡೀಲರ್. ಒಬ್ಬ ಉತ್ಸಾಹದಿಂದ ಮಾರ್ತಾನೆ, ಇನ್ನೊಬ್ಬ ಫ್ಯಾನ್ ಕೆಳಗೆ ಕೂತಿರ್ತಾನೆ. ನಿಮಗೆ ಗೊತ್ತಾಗೋದು ಬೆಲೆನಾ, ಡೀಲರಾ?

---

ಕಾಸ್ಟಿಂಗ್_ಕಮಲ

ಅದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಒಂದು ತಿಂಗಳಾದ ಮೇಲೆ ಬೆಲೆಗಳನ್ನು ಅದಲುಬದಲು ಮಾಡಬಹುದು, ಆದರೆ ಇಳಿಸಿದ ಕಡೆ ನೀವೇ ಹೇಳಿದ ಶೆಲ್ಫ್ ಸ್ಟಾಕ್ ಜಗಳ ಬರುತ್ತೆ. ಒಂದೊಂದು ಕಡೆ ಮೂರು ಮೂರು ಡೀಲರ್ ಇದ್ದರೆ ಸ್ವಲ್ಪ ನಂಬಬಹುದು.

---

ಪೀಣ್ಯ_ಬೋರ್ಡು

ಈಗ ನಮಗೆ ಒಟ್ಟು ನಾಲ್ಕೇ ಡೀಲರ್. ಎರಡೆರಡು ಮಾಡಿ ನೋಡ್ತೀವಿ. ಪವರ್ ಫ್ಯಾಕ್ಟರ್ ಸರ್ಕ್ಯೂಟ್ ಹಾಕಿದ ಮೇಲೆ ಖರ್ಚು 3,080 ಆಗುತ್ತೆ ಅಂತ ಲೆಕ್ಕ ಬಂದಿದೆ. ಚಂದಾ ವಿಷಯದಲ್ಲಿ ನಮ್ಮೊಳಗೇ ಇನ್ನೂ ಒಮ್ಮತ ಇಲ್ಲ.

ಕಲ್ಪತರು ಅವರೇ, ತಡವಾಯ್ತು, ಮನ್ನಿಸಿ. ಸಬ್ಸಿಡಿ ಇಲ್ಲ. 7.5 ಎಚ್‌ಪಿಗೆ ದೊಡ್ಡ ಕಾಂಟ್ಯಾಕ್ಟರ್ ಹಾಕಬೇಕು, ಬೋರ್ಡ್ ಅದೇ. ನಿಮ್ಮ ಬೋರ್‌ನಲ್ಲಿ ಬೇಸಿಗೆಯಲ್ಲಿ ಎಷ್ಟು ಹೊತ್ತು ನೀರು ಬರುತ್ತೆ?

---

ಕಲ್ಪತರು_ತೋಟ

ಮುಕ್ಕಾಲು ಗಂಟೆ. ಆಮೇಲೆ ಎರಡು ಗಂಟೆ ಬಿಡಬೇಕು. ಕಾಂಟ್ಯಾಕ್ಟರ್‌ಗೆ ಬೇರೆ ದುಡ್ಡಾ?